ದಾರಿ ಕಟ್ಟಿ ನಿಂತ 57ನೇ ವಹಿವಾಟು

2020ರ ಮಾರ್ಚ್ 12, ಗುರುವಾರ. ಕೋವಿಡ್ ಭೀತಿಗೆ ಜಗತ್ತಿನ ಷೇರುಪೇಟೆಗಳೆಲ್ಲ ಕುಸಿಯುತ್ತಿದ್ದ ಆ ದಿನ ಇಥೀರಿಯಂ ಜಾಲದ ನಾಣ್ಯವಾದ ಈಥರ್‌ನ ಬೆಲೆಯೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಿತ್ತು. ಇದ್ದಬದ್ದವರೆಲ್ಲ ಒಟ್ಟಿಗೇ ಮಾರಲು ನುಗ್ಗಿದ್ದರಿಂದ ಜಾಲ ಕಿಕ್ಕಿರಿಯಿತು, ಶುಲ್ಕ ಹತ್ತಾರು ಪಟ್ಟು ಏರಿತು. ಅದೇ ಹೊತ್ತಿಗೆ ಮೇಕರ್‌ಡಾವೊ ಎಂಬ ಸಾಲ ವ್ಯವಸ್ಥೆಯಲ್ಲಿ ಜನ ಅಡವಿಟ್ಟಿದ್ದ ಈಥರ್ ಹರಾಜಿಗೆ ಬಂತು. ಅಲ್ಲಿ ಕೂಗುವವರು ಮನುಷ್ಯರಲ್ಲ, ಹಗಲಿರುಳು ಕಾದು ಕೂರುವ ಬಾಟ್ ಎಂಬ ತಂತ್ರಾಂಶಗಳು. ಅವುಗಳಲ್ಲಿ ಹಲವು ಕೂಗಿದ ಬೆಲೆ ಹರಾಜಿನವರೆಗೆ ತಲುಪಲೇ ಇಲ್ಲ. ಹಳೆಯ ದಿನಗಳ ಕಡಿಮೆ ಶುಲ್ಕ ಹೊತ್ತು ಹೊರಟ ಮೊದಲ ಕೂಗು ದಾರಿಯಲ್ಲೇ ನಿಂತಿತು, ಅದರ ಬೆನ್ನಿಗೆ ಬಂದ ಕೂಗುಗಳೂ ಅದರ ಹಿಂದೆಯೇ ನಿಂತವು. ಎದುರಾಳಿಗಳೇ ಇಲ್ಲದ ಹರಾಜಿನಲ್ಲಿ ಶುಲ್ಕ ಸರಿಯಾಗಿ ಕಟ್ಟಿದ ಕೆಲವರು ಸೊನ್ನೆ ಕೂಗಿ ಗೆದ್ದರು. ಹೀಗೆ ಪುಕ್ಕಟೆಯಾಗಿ ಕೈಬದಲಾದ ಈಥರ್‌ನ ಮೌಲ್ಯ 80 ಲಕ್ಷ ಡಾಲರ್ ದಾಟಿತ್ತು.

ಅಷ್ಟು ದೊಡ್ಡ ಅನಾಹುತಕ್ಕೂ, ಸಾಮಾನ್ಯ ಬಳಕೆದಾರರ ವಾಲೆಟ್‌ನಲ್ಲಿ ದಿನವಿಡೀ `Pending` ಎಂದು ತೋರಿಸುತ್ತ ಕೂರುವ ಸಣ್ಣ ಪಾವತಿಗೂ ಮೂಲ ಒಂದೇ. ಪರಿಹಾರವೂ ಒಂದೇ. ಅದಕ್ಕೆ ಬೇಕಿರುವುದು ಒಂದು ಸಂಖ್ಯೆಯ ತಿಳಿವಳಿಕೆ. ಆ ಸಂಖ್ಯೆಯ ಹೆಸರು ನಾನ್ಸ್.

ಮೊದಲು, ವಹಿವಾಟು ನಿಲ್ಲುವುದು ಎಂದರೆ ಎಲ್ಲಿ ನಿಲ್ಲುವುದು? ವಾಲೆಟ್‌ನಲ್ಲಿ `Confirm` ಒತ್ತಿದಾಗ ಹಣ ಎಲ್ಲಿಗೂ ಹೋಗುವುದಿಲ್ಲ. ಇಷ್ಟು ಈಥರ್ ಇಂಥವರಿಗೆ ಸಲ್ಲಲಿ, ಅದಕ್ಕೆ ಇಂತಿಷ್ಟು ಶುಲ್ಕ ಕೊಡುತ್ತೇನೆ ಎಂಬ ಸಹಿ ಹಾಕಿದ ಆದೇಶವೊಂದು ಹೊರಡುತ್ತದೆ, ಅಷ್ಟೇ. ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡಿ, ಪ್ರತಿಯೊಂದರಲ್ಲೂ ಮೆಂಪೂಲ್ ಎಂಬ ಕಾಯುವ ಜಾಗದಲ್ಲಿ ಕೂರುತ್ತದೆ. ಎಲ್ಲಕ್ಕೂ ಸೇರಿ ಒಂದೇ ಮೆಂಪೂಲ್ ಎಂಬುದಿಲ್ಲ, ಪ್ರತಿ ಕಂಪ್ಯೂಟರಿನದೂ ಬೇರೆ. 12 ಸೆಕೆಂಡಿಗೊಮ್ಮೆ ಹೊಸ ಬ್ಲಾಕ್ ಒಂದು ಸೇರ್ಪಡೆಯಾಗುತ್ತದೆ. ಅದನ್ನು ಕಟ್ಟುವವರು ತಮ್ಮ ಮುಂದಿರುವ ಆದೇಶಗಳಲ್ಲಿ ಲಾಭದವನ್ನು ಆರಿಸಿಕೊಳ್ಳುತ್ತಾರೆ. ಬ್ಲಾಕಿಗೆ ಸೇರಿದ ಮೇಲೆಯೇ ಹಣ ಕೈಬದಲಾಗುವುದು. ಅಲ್ಲಿಯವರೆಗೆ ಕಳಿಸಿದವರ ಖಾತೆಯಿಂದ ಒಂದು ಕಾಸೂ ಕಡಿತವಾಗಿರುವುದಿಲ್ಲ, ಶುಲ್ಕವೂ ಕೂಡ.

ಶುಲ್ಕದ ಲೆಕ್ಕ 2021ರ ಆಗಸ್ಟ್ 5ರಂದು ಬದಲಾಯಿತು. ಲಂಡನ್ ಎಂದು ಕರೆಯಲಾದ ಆ ಪರಿಷ್ಕರಣೆಯ ನಂತರ ಪ್ರತಿ ಬ್ಲಾಕಿಗೂ ಜಾಲವೇ ಒಂದು ಮೂಲ ದರ ನಿಗದಿ ಮಾಡುತ್ತದೆ. ಇದು ಬೇಸ್ ಫೀ. ಇದನ್ನು ಕಟ್ಟದವರಿಗೆ ಆ ಬ್ಲಾಕಿನಲ್ಲಿ ಪ್ರವೇಶವೇ ಇಲ್ಲ, ಎಷ್ಟು ಬೇಡಿಕೊಂಡರೂ ಇಲ್ಲ. ಅದರ ಮೇಲೆ ಬ್ಲಾಕ್ ಸೇರಿಸುವವರಿಗೆ ಕೊಡುವ ಸಣ್ಣ ಟಿಪ್ಸ್ ಬೇರೆ. ಇವೆರಡೂ ಸೇರಿ ಗ್ಯಾಸ್‌ನ ಒಂದೊಂದು ಘಟಕಕ್ಕೆ ಹೆಚ್ಚೆಂದರೆ ಇಷ್ಟು ಕೊಡಬಲ್ಲೆ ಎಂಬ ಮಿತಿಯನ್ನು ಕಳಿಸುವವರು ಬರೆದಿಟ್ಟಿರುತ್ತಾರೆ. ಲೆಕ್ಕ ಗ್ವೆಯ್‌ಗಳಲ್ಲಿ ನಡೆಯುತ್ತದೆ: ನೂರು ಕೋಟಿ ಗ್ವೆಯ್ ಸೇರಿದರೆ ಒಂದು ಈಥರ್. ಒಬ್ಬರಿಂದ ಒಬ್ಬರಿಗೆ ನೇರವಾಗಿ ಈಥರ್ ಕಳಿಸಲು ತಗಲುವುದು 21,000 ಘಟಕ ಗ್ಯಾಸ್.

ಬ್ಲಾಕ್ ತುಂಬಿ ತುಳುಕಿದರೆ ಮುಂದಿನ ಬ್ಲಾಕಿನ ಬೇಸ್ ಫೀ ಶೇ 12.5ರಷ್ಟು ಏರುತ್ತದೆ, ಪೂರಾ ಖಾಲಿ ಹೋದರೆ ಅಷ್ಟೇ ಇಳಿಯುತ್ತದೆ. ಕೇಳಲು ಸೌಮ್ಯ ಏರಿಕೆಯಂತಿದೆ. ಆದರೆ ಏರುವುದು ಚಕ್ರಬಡ್ಡಿಯ ಲೆಕ್ಕದಲ್ಲಿ, ಅದೂ 12 ಸೆಕೆಂಡಿಗೊಮ್ಮೆ.

ಒಬ್ಬ ಬಳಕೆದಾರರ ಖಾತೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಾನುವಾರ ಬೆಳಗ್ಗೆ ಆಕೆ ಗೆಳತಿಗೆ 0.5 ಈಥರ್ ಕಳಿಸಬೇಕಿದೆ. ಬೇಸ್ ಫೀ 9 ಗ್ವೆಯ್ ಇದೆ. ವಾಲೆಟ್ ಸೂಚಿಸಿದ ದೊಡ್ಡ ಮಿತಿಯನ್ನು ಅಳಿಸಿ, ಸ್ವಲ್ಪ ಉಳಿಸೋಣವೆಂದು 12 ಗ್ವೆಯ್ ಎಂದು ಬರೆಯುತ್ತಾರೆ, ಟಿಪ್ಸ್ 1. ಗೆಳತಿಯ ವಿಳಾಸವನ್ನು ಅಕ್ಷರ ಅಕ್ಷರ ತಾಳೆ ನೋಡಿ ಒಪ್ಪಿಗೆ ಒತ್ತುವಷ್ಟರಲ್ಲಿ ಮೂರು ಬ್ಲಾಕುಗಳು ಭರ್ತಿಯಾಗಿ ಹೋಗಿವೆ. 9 ಇದ್ದದ್ದು 10.1 ಆಯಿತು, 11.4 ಆಯಿತು, ಈಗ 12.8. ಬರೀ 36 ಸೆಕೆಂಡಿನಲ್ಲಿ ಆಕೆಯ ಮಿತಿಯನ್ನು ದರ ದಾಟಿತು. ಆದೇಶ ಹೊರಟಿದೆ, ಬ್ಲಾಕಿಗೆ ಅರ್ಹತೆ ಇಲ್ಲ. ದರ ಮತ್ತೆ 12ರ ಕೆಳಗೆ ಇಳಿಯುವವರೆಗೂ ಅದು ಕಾಯಬೇಕು.

ಇಲ್ಲಿ ಉಳಿಸಹೊರಟದ್ದು ಏನನ್ನು ಎಂದು ಕೇಳಿಕೊಂಡರೆ ಉತ್ತರ ತಮಾಷೆಯಾಗಿದೆ: ಏನನ್ನೂ ಅಲ್ಲ. ಆಕೆ ಬರೆದದ್ದು ಮಿತಿಯೇ ಹೊರತು ಬೆಲೆಯಲ್ಲ. 40 ಗ್ವೆಯ್ ಎಂದು ಬರೆದಿದ್ದರೂ ಕಡಿತವಾಗುತ್ತಿದ್ದುದು ಆ ಬ್ಲಾಕಿನ ಬೇಸ್ ಫೀ ಮತ್ತು ಒಂದು ಗ್ವೆಯ್ ಟಿಪ್ಸ್ ಮಾತ್ರ, ಉಳಿದದ್ದು ಖಾತೆಯಲ್ಲೇ ಇರುತ್ತಿತ್ತು. ಹಲವು ತಂತ್ರಾಂಶಗಳು ಆಗಿನ ಬೇಸ್ ಫೀಯ ಎರಡು ಪಟ್ಟಿಗೆ ಟಿಪ್ಸ್ ಸೇರಿಸಿ ಮಿತಿ ಇಡುವುದು ಇದೇ ಕಾರಣಕ್ಕೆ. ಎರಡು ಪಟ್ಟಾಗಬೇಕಾದರೆ ಸಾಲಾಗಿ ಆರು ಬ್ಲಾಕುಗಳು ಭರ್ತಿಯಾಗಬೇಕು, ಅಷ್ಟರೊಳಗೆ ಸಾಮಾನ್ಯವಾಗಿ ಜಾಗ ಸಿಕ್ಕಿಬಿಡುತ್ತದೆ. ಇತ್ತೀಚೆಗೆ ಎಷ್ಟೋ ದಿನ ಬೇಸ್ ಫೀ 1 ಗ್ವೆಯ್‌ಗಿಂತಲೂ ಕೆಳಗಿರುತ್ತದೆ. ಹಾಗೆಂದು ಸಮಸ್ಯೆ ಮಾಯವಾಗಿಲ್ಲ. ಮಿತಿಯನ್ನು ಬಿಗಿಯಾಗಿ ಬರೆದರೆ 0.3 ಗ್ವೆಯ್ ದಿನವೂ ವಹಿವಾಟು ನಿಲ್ಲುತ್ತದೆ.

ಇನ್ನು ನಾನ್ಸ್. ಪ್ರತಿ ಖಾತೆಯಿಂದ ಹೊರಡುವ ಆದೇಶಗಳಿಗೆ ಸೊನ್ನೆಯಿಂದ ಶುರುವಾಗಿ ಒಂದೊಂದು ಕ್ರಮಸಂಖ್ಯೆ ಇರುತ್ತದೆ. ಚೆಕ್‌ಬುಕ್ಕಿನ ಹಾಳೆಗಳಿಗೆ ಮುದ್ರಿಸಿದ ಸಂಖ್ಯೆ ಇರುವಂತೆ ಎನ್ನಬಹುದು, ಎರಡು ಕಟ್ಟುನಿಟ್ಟಿನೊಂದಿಗೆ: 57ನೇ ಹಾಳೆ ನಗದಾಗದೆ 58ನೆಯದನ್ನು ಯಾರೂ ಮುಟ್ಟುವುದಿಲ್ಲ, ಮತ್ತು 57 ಎಂಬ ಸಂಖ್ಯೆಯ ಎರಡು ಹಾಳೆ ಬಂದರೆ ಒಂದು ಮಾತ್ರ ನಗದಾಗುತ್ತದೆ, ಇನ್ನೊಂದು ಅಂದಿಗೇ ಕಸ. ಒಂದೇ ಪಾವತಿಯನ್ನು ಯಾರಾದರೂ ಎರಡೆರಡು ಬಾರಿ ಚಲಾಯಿಸಿ ದುಡ್ಡು ಹೊಡೆಯಬಾರದೆಂದು ಮಾಡಿದ ಏರ್ಪಾಡು ಇದು. ಆದರೆ ಮೊದಲ ನಿಯಮ ಸಮಸ್ಯೆಯನ್ನು ಹಿಗ್ಗಿಸುತ್ತದೆ, ಎರಡನೆಯದು ಅದರಿಂದ ಹೊರಬರುವ ದಾರಿಯಾಗುತ್ತದೆ.

ನಮ್ಮ ಬಳಕೆದಾರರ ನಿಂತ ಆದೇಶದ ನಾನ್ಸ್ 57 ಎಂದುಕೊಳ್ಳೋಣ. ಅದು ಹೋಗಿದೆ ಎಂದೇ ತಿಳಿದು ಆಕೆ ಇನ್ನೊಬ್ಬರಿಗೆ ಡಾಲರ್ ಮೌಲ್ಯದ ಯುಎಸ್‌ಡಿಟಿ ಟೋಕನ್ ಕಳಿಸುತ್ತಾರೆ, ಅದು 58. ಒಂದು ಟೋಕನ್ನನ್ನು ಇನ್ನೊಂದಕ್ಕೆ ಬದಲಾಯಿಸಲು ಹೊರಟದ್ದು 59. ಅಷ್ಟರಲ್ಲಿ ಗೆಳತಿಯ ಫೋನ್: ‘ಇನ್ನೂ ಬಂದಿಲ್ಲ ಕಣೇ.’ ಮೊದಲಿನದು ಎಲ್ಲೋ ಕಳೆದುಹೋಯಿತೆಂದು ಆಕೆ ಮತ್ತೊಮ್ಮೆ 0.5 ಈಥರ್ ಕಳಿಸುತ್ತಾರೆ, ಅದು 60. ಈ ಮೂರಕ್ಕೂ ವಾಲೆಟ್ ಹೇಳಿದಂತೆ 30 ಗ್ವೆಯ್ ಮಿತಿ, 1 ಗ್ವೆಯ್ ಟಿಪ್ಸ್ ಇಟ್ಟಿದ್ದಾರೆ. ಸದ್ಯದ ಬೇಸ್ ಫೀ 22. ಮೂರಕ್ಕೂ ಅರ್ಹತೆ ಇದೆ, ಆದರೂ ಮೂರೂ ನಿಂತಿವೆ. ಅಡ್ಡಿಯಾಗಿರುವುದು 57 ಮಾತ್ರ.

ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಈಥರ್‌ಸ್ಕ್ಯಾನ್ ಎಂಬ ಜಾಲತಾಣದಲ್ಲಿ ತನ್ನ ವಿಳಾಸ ಹಾಕಿದರೆ ಬ್ಲಾಕಿಗೆ ಸೇರಿದ ಕೊನೆಯ ವಹಿವಾಟಿನ ನಾನ್ಸ್ ಕಾಣುತ್ತದೆ. ಅದು 56 ಆಗಿದ್ದರೆ ಸಿಕ್ಕಿಕೊಂಡಿರುವುದು 57 ಎಂದೇ ಅರ್ಥ. ತಂತ್ರಾಂಶ ಬಲ್ಲವರು ಜಾಲದ ಯಾವುದೇ ಕಂಪ್ಯೂಟರಿಗೆ ಎರಡು ಪ್ರಶ್ನೆ ಕೇಳಿಯೂ ತಿಳಿಯಬಹುದು:

```
eth_getTransactionCount(address, "latest")   -> 57
eth_getTransactionCount(address, "pending")  -> 61
```

ಮೊದಲ ಉತ್ತರ, ಬ್ಲಾಕಿಗೆ ಸೇರಿದವು ಸೊನ್ನೆಯಿಂದ 56ರವರೆಗೆ ಒಟ್ಟು 57 ಎನ್ನುತ್ತದೆ. ಎರಡನೆಯದು ಕಾಯುತ್ತಿರುವುವನ್ನೂ ಸೇರಿಸಿ 61 ಎನ್ನುತ್ತದೆ. ವ್ಯತ್ಯಾಸ ನಾಲ್ಕು: 57, 58, 59, 60. ಎರಡೂ ಉತ್ತರ ಒಂದೇ ಆಗಿದ್ದು ವಾಲೆಟ್ ಮಾತ್ರ `Pending` ಎನ್ನುತ್ತಿದ್ದರೆ, ಆ ಆದೇಶ ಆ ಕಂಪ್ಯೂಟರಿನ ಮೆಂಪೂಲ್‌ನಿಂದ ಬಿದ್ದುಹೋಗಿದೆ ಅಥವಾ ಸೇರಿಯೇ ಇಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಬಿದ್ದುಹೋದ ಆದೇಶ ಸತ್ತಿತೆಂದಲ್ಲ. ಕಿಕ್ಕಿರಿದಾಗ ಕಡಿಮೆ ಶುಲ್ಕದವನ್ನು ಕಂಪ್ಯೂಟರುಗಳು ಹೊರದಬ್ಬುತ್ತವೆ, ಆದರೆ ಸಹಿ ಹಾಗೇ ಇರುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಆದೇಶ ಉಳಿದಿರಬಹುದು, ಯಾರಾದರೂ ಅದನ್ನು ಮತ್ತೆ ಹರಡಲೂಬಹುದು. 57 ಎಂಬ ಸಂಖ್ಯೆ ಬೇರೆ ಯಾವುದರಲ್ಲಾದರೂ ಬಳಕೆಯಾಗುವವರೆಗೂ ಆ ಸಹಿಗೆ ಬೆಲೆಯಿದೆ. ಮೆಟಾಮಾಸ್ಕ್‌ನಂಥ ವಾಲೆಟ್‌ನಲ್ಲಿ ಚಟುವಟಿಕೆಯ ಪಟ್ಟಿಯನ್ನು ಅಳಿಸುವ ಆಯ್ಕೆ ಇದೆ. ಅದನ್ನು ಒತ್ತಿದರೆ ವಾಲೆಟ್ ತನ್ನ ನೆನಪನ್ನು ಮಾತ್ರ ಒರೆಸಿಕೊಳ್ಳುತ್ತದೆ, ಜಾಲ ಏನನ್ನೂ ಮರೆಯುವುದಿಲ್ಲ. ಕಳಿಸಿದ್ದನ್ನು ವಾಪಸ್ ಕರೆಸುವ ವಿಧಾನ ಇಥೀರಿಯಂನಲ್ಲಿ ಇಲ್ಲವೇ ಇಲ್ಲ. ಇರುವುದು ಅದೇ ಸಂಖ್ಯೆಯ ಇನ್ನೊಂದು ಆದೇಶ ಹೊರಡಿಸಿ ಮೊದಲಿನದನ್ನು ಓಟದಲ್ಲಿ ಸೋಲಿಸುವ ದಾರಿ.

ವಾಲೆಟ್‌ನ `Speed up` ಮತ್ತು `Cancel` ಬಟನ್‌ಗಳ ಹಿಂದೆ ಇರುವುದೂ ಇದೇ. ಮೊದಲನೆಯದು ಅದೇ ಗೆಳತಿಗೆ, ಅದೇ ಮೊತ್ತವನ್ನು, ಅದೇ 57ರಲ್ಲಿ, ಹೆಚ್ಚಿನ ಶುಲ್ಕದೊಂದಿಗೆ ಮತ್ತೆ ಬರೆಯುತ್ತದೆ. ಎರಡನೆಯದು ಮೊತ್ತವನ್ನು ಸೊನ್ನೆ ಮಾಡಿ, ಪಡೆಯುವವರ ಜಾಗದಲ್ಲಿ ಕಳಿಸುವವರ ಸ್ವಂತ ವಿಳಾಸವನ್ನೇ ಹಾಕುತ್ತದೆ. ರದ್ದತಿ ಎಂದು ಹೆಸರೇ ಹೊರತು ಅದೂ ಒಂದು ಪೂರ್ಣ ವಹಿವಾಟು. ಅದಕ್ಕೂ 21,000 ಗ್ಯಾಸ್, ಅದಕ್ಕೂ ಶುಲ್ಕ.

ಮೊದಲಿನದರ ಜಾಗಕ್ಕೆ ಹೊಸದನ್ನು ಒಪ್ಪಿಕೊಳ್ಳಲು ಕಂಪ್ಯೂಟರುಗಳು ಒಂದು ಷರತ್ತು ಹಾಕುತ್ತವೆ. ಇಲ್ಲದಿದ್ದರೆ ಪುಂಡರು ಬಿಡಿಗಾಸು ಏರಿಸುತ್ತ ಲಕ್ಷಗಟ್ಟಲೆ ಬದಲಿ ಆದೇಶಗಳನ್ನು ಸುರಿದಾರು. ಬಹಳ ಜನ ಬಳಸುವ ಗೆತ್ ಎಂಬ ತಂತ್ರಾಂಶದಲ್ಲಿ ಕನಿಷ್ಠ ಏರಿಕೆ ಶೇ 10. ಅದೂ ಒಟ್ಟು ಮಿತಿ ಮತ್ತು ಟಿಪ್ಸ್ ಎರಡರಲ್ಲೂ. 57ರ ಬದಲಿಗೆ ಮಿತಿ 13.2, ಟಿಪ್ಸ್ 1.1 ಆದರೂ ಇರಬೇಕು. ಮಿತಿಯನ್ನು 45ಕ್ಕೆ ಏರಿಸಿ ಟಿಪ್ಸನ್ನು 1ರಲ್ಲೇ ಬಿಟ್ಟರೆ ಬರುವ ಉತ್ತರ `replacement transaction underpriced`. ಮಿತಿ ಇಷ್ಟು ಏರಿಸಿದರೂ ಕಡಿಮೆ ಎನ್ನುತ್ತದಲ್ಲ ಎಂದು ಜನ ತಲೆ ಕೆರೆದುಕೊಳ್ಳುವುದು ಇಲ್ಲೇ.

ಇನ್ನೊಂದು ಎಡವಟ್ಟು ಇದಕ್ಕಿಂತ ಸೂಕ್ಷ್ಮ. ಮಿತಿ 13.2, ಟಿಪ್ಸ್ 1.1 ಎಂದು ಬರೆದರೆ ಕಂಪ್ಯೂಟರು ತಕರಾರಿಲ್ಲದೆ ಸ್ವೀಕರಿಸುತ್ತದೆ, ಹಳೆಯದನ್ನು ಕಿತ್ತು ಹೊಸದನ್ನು ಇಡುತ್ತದೆ. ಆದರೆ ಬೇಸ್ ಫೀ 22 ಇರುವಾಗ ಅದೂ ನಿಲ್ಲುತ್ತದೆ, ಹಳೆಯದರಷ್ಟೇ ಗಟ್ಟಿಯಾಗಿ. ಬದಲಿಯಾಗಿ ಒಪ್ಪಿಗೆಯಾಗುವುದು ಒಂದು ಪರೀಕ್ಷೆ, ಬ್ಲಾಕಿಗೆ ಸೇರುವುದು ಬೇರೆಯದೇ ಪರೀಕ್ಷೆ. ಶೇ 10ರ ನಿಯಮ ಹಳೆಯ ಆದೇಶವನ್ನು ನೋಡುತ್ತದೆ, ಈಗಿನ ಪೇಟೆಯನ್ನಲ್ಲ. ಬದಲಿ ಬರೆಯುವವರು ಎರಡನ್ನೂ ನೋಡಬೇಕು.

ಈಗ ನಾಲ್ಕೂ ಆದೇಶಗಳ ಗಂಟು ಬಿಡಿಸುವ ಕೆಲಸ. ಥಟ್ಟನೆ ತೋಚುವುದು 57ಕ್ಕೆ `Speed up` ಒತ್ತುವುದು. ಹಾಗೆ ಮಾಡಿದರೆ ಏನಾಗುತ್ತದೆ? 57 ಬ್ಲಾಕಿಗೆ ಹೋದ ಕ್ಷಣ 58, 59, 60 ಮೂರಕ್ಕೂ ದಾರಿ ತೆರೆದು, ನಾಲ್ಕೂ ಅದೇ ಬ್ಲಾಕಿನಲ್ಲಿ ಹೋಗಿಬಿಡಬಹುದು. ಗೆಳತಿಗೆ 0.5 ಎರಡು ಸಲ ಸೇರುತ್ತದೆ. ಗೆಳತಿಯಾದ್ದರಿಂದ ವಾಪಸ್ ಕೇಳಬಹುದು, ಅಪರಿಚಿತ ವ್ಯಾಪಾರಿಯಾಗಿದ್ದರೆ ದೇವರೇ ಗತಿ. 59ರ ಕಥೆ ಬೇರೆ. ಟೋಕನ್ ವಿನಿಮಯದ ಆದೇಶಗಳಲ್ಲಿ ಸಾಮಾನ್ಯವಾಗಿ ಇಷ್ಟು ನಿಮಿಷದೊಳಗೆ ನಡೆಯಬೇಕೆಂಬ ಗಡುವು ಇರುತ್ತದೆ. ಗಂಟೆಗಟ್ಟಲೆ ಕಾದ ಮೇಲೆ ಅದು ಬ್ಲಾಕಿಗೆ ಸೇರಿದರೆ ವಿನಿಮಯ ನಡೆಯದೆ ವಿಫಲವಾಗುತ್ತದೆ, ಶುಲ್ಕ ಮಾತ್ರ ಹೋಗುತ್ತದೆ. ಗಡುವು ಮುಗಿದ ವಿನಿಮಯಕ್ಕೆ `Speed up` ಒತ್ತುವುದೆಂದರೆ ಸೋಲನ್ನು ದುಡ್ಡು ಕೊಟ್ಟು ಬೇಗ ತರಿಸಿಕೊಂಡಂತೆ.

ಆದ್ದರಿಂದ ಕೆಲಸ ಹಿಂದಿನಿಂದ ಶುರುವಾಗಬೇಕು. 57 ಬಾಗಿಲು ಮುಚ್ಚಿ ನಿಂತಿರುವಾಗಲೇ 60 ಮತ್ತು 59ನ್ನು ನಿರುಪದ್ರವಿ ಮಾಡಬೇಕು. ಆ ಸಂಖ್ಯೆಗೆ `Cancel` ಬಟನ್ ಕಾಣದಿದ್ದರೆ, ನಾನ್ಸ್ ಕೈಯಾರೆ ಬರೆಯಲು ಬಿಡುವ ವಾಲೆಟ್‌ನಲ್ಲಿ ತನಗೆ ತಾನೇ ಸೊನ್ನೆ ಈಥರ್ ಕಳಿಸಿಕೊಂಡರಾಯಿತು. 60ಕ್ಕೆ ಆಕೆ ಬರೆಯಬೇಕಾದ್ದು ಹೀಗೆ:

```
nonce: 60
to: 0x...  (own address)
value: 0
gasLimit: 21000
maxPriorityFeePerGas: 2 gwei
maxFeePerGas: 45 gwei
```

ಹಳೆಯ ಮಿತಿ 30, ಹಾಗಾಗಿ 33 ದಾಟಬೇಕಿತ್ತು, 45 ದಾಟಿದೆ. ಟಿಪ್ಸ್ 1.1 ದಾಟಿದೆ. 59ಕ್ಕೂ ಇದೇ ಬರಹ, ಸಂಖ್ಯೆಯೊಂದು ಬಿಟ್ಟು. 58ಕ್ಕೆ ಕೈ ಹಚ್ಚುವುದೇ ಬೇಡ, ಅದು ಹೋಗಬೇಕಾದ ಪಾವತಿಯೇ. ಈ ಎರಡು ಬದಲಿಗಳು ಮೆಂಪೂಲ್ ಸೇರಿದ್ದು ಖಾತ್ರಿಯಾದ ಮೇಲೆ ಕೊನೆಗೆ 57ಕ್ಕೆ ಮಿತಿ 45, ಟಿಪ್ಸ್ 2 ಕೊಟ್ಟು ವೇಗ ಹೆಚ್ಚಿಸುವುದು. ಬೇಸ್ ಫೀ 22ರಲ್ಲೇ ಇದ್ದರೆ 57, 59, 60 ಒಂದೊಂದಕ್ಕೂ 24 ಗ್ವೆಯ್‌ನಂತೆ 21,000 ಘಟಕಕ್ಕೆ 0.000504 ಈಥರ್. ಅಂದರೆ ಎರಡು ರದ್ದತಿಗಳ ದಂಡ ಸೇರಿ ಸುಮಾರು 0.001 ಈಥರ್. 0.5 ಈಥರ್ ಎರಡು ಸಲ ಹೋಗುವುದಕ್ಕಿಂತ ಬಹಳ ಅಗ್ಗ.

ಎಲ್ಲರ ಖಾತೆಯಲ್ಲೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ. ಇದ್ದ ಈಥರನ್ನೆಲ್ಲ ಒಂದೇ ಬಾರಿಗೆ ಕಳಿಸಲು ಹೊರಟವರು ವೇಗ ಹೆಚ್ಚಿಸಲಾರರು. ಮೊತ್ತವೂ ಹೊಸ ಶುಲ್ಕದ ಮಿತಿಯೂ ಸೇರಿ ಖಾತೆಯ ಹಣವನ್ನು ಮೀರುತ್ತದೆ, `insufficient funds` ಎಂಬ ಉತ್ತರ ಬರುತ್ತದೆ. ವಿಚಿತ್ರವೆಂದರೆ ಅದೇ ಖಾತೆಯಿಂದ ರದ್ದತಿ ಸಾಧ್ಯ, ಏಕೆಂದರೆ ಅದರಲ್ಲಿ ಮೊತ್ತ ಸೊನ್ನೆ, ಹಣವೆಲ್ಲ ಶುಲ್ಕಕ್ಕೇ ಲಭ್ಯ. ಖಾತೆಯಲ್ಲಿ ಟೋಕನ್ ರಾಶಿ ಇದ್ದು ಈಥರ್ ಬರಿದಾಗಿದ್ದರೆ ಬೇರೊಂದು ಖಾತೆಯಿಂದ ಚೂರು ಈಥರ್ ತರಿಸಿಕೊಳ್ಳಬೇಕಾಗುತ್ತದೆ. ಬರುವ ಹಣಕ್ಕೆ ನಮ್ಮ ನಾನ್ಸ್‌ನ ಹಂಗಿಲ್ಲ, ಹಾಗಾಗಿ ಅದು ಸರಾಗವಾಗಿ ಬಂದು ಸೇರುತ್ತದೆ.

ನಾನ್ಸ್ ಕೈಯಾರೆ ಬರೆಯುವಾಗ ಒಂದು ಸಂಖ್ಯೆ ಹಾರಿಸಿದರೆ ಹೊಸ ತೊಡಕು. 61ರ ಬದಲು 62 ಎಂದು ಬರೆದರೆ, 61 ಬರುವವರೆಗೂ 62 ಕದಲುವುದಿಲ್ಲ. ಶುಲ್ಕ ಸಾವಿರ ಗ್ವೆಯ್ ಕೊಟ್ಟರೂ ಕದಲುವುದಿಲ್ಲ. ಗೆತ್ ಇಂಥವನ್ನು ಪಕ್ಕಕ್ಕಿಟ್ಟು ಸಾಮಾನ್ಯವಾಗಿ ಮೂರು ಗಂಟೆ ಕಾದು ಬಿಸಾಡುತ್ತದೆ.

ಹಾಗೆಯೇ ವಿಫಲವಾದ ವಹಿವಾಟನ್ನು ನಿಂತ ವಹಿವಾಟೆಂದು ಬಗೆಯಬಾರದು. ಗ್ಯಾಸ್‌ನ ದರ ಕಡಿಮೆಯಾದರೆ ಆದೇಶ ಕಾಯುತ್ತದೆ, ಹಣ ಹೋಗುವುದಿಲ್ಲ. ಗ್ಯಾಸ್‌ನ ಪ್ರಮಾಣವನ್ನು ಕಡಿಮೆ ಬರೆದರೆ ಆದೇಶ ಬ್ಲಾಕಿಗೆ ಸೇರಿ ಅರ್ಧದಲ್ಲಿ ಉಸಿರು ಕಟ್ಟುತ್ತದೆ, `out of gas` ಎಂದು ದಾಖಲಾಗುತ್ತದೆ, ಶುಲ್ಕ ವಾಪಸ್ ಬರುವುದಿಲ್ಲ. ಅದರ ನಾನ್ಸ್ ಖರ್ಚಾಗಿರುವುದರಿಂದ ಅಲ್ಲಿ ಬದಲಿಸಲು ಏನೂ ಉಳಿದಿರುವುದಿಲ್ಲ.

ಓಟದಲ್ಲಿ ಸೋಲೂ ಉಂಟು. `Cancel` ಒತ್ತುವ ಹೊತ್ತಿಗೇ ದರ ಇಳಿದು ಮೂಲ ಆದೇಶವೇ ಬ್ಲಾಕಿಗೆ ನುಗ್ಗಬಹುದು. ಆಗ ರದ್ದತಿಗೆ `nonce too low` ಎಂಬ ಉತ್ತರ: ಆ ಸಂಖ್ಯೆ ಆಗಲೇ ಬಳಕೆಯಾಯಿತು ಎಂದರ್ಥ. ಸೋತ ಆದೇಶಕ್ಕೆ ಶುಲ್ಕವಿಲ್ಲ, ಆದರೆ ತಡೆಯಬೇಕಿದ್ದ ಹಣ ಹೋಗಿದೆ. ಗೆದ್ದಾಗ ಈಥರ್‌ಸ್ಕ್ಯಾನ್‌ನಲ್ಲಿ ಹಳೆಯ ವಹಿವಾಟಿನ ಪುಟದಲ್ಲಿ `Dropped & Replaced` ಎಂದು ಕಾಣುತ್ತದೆ.

ಬ್ಯಾಂಕಿನಲ್ಲಾದರೆ ಇಂಥ ಹೊತ್ತಿನಲ್ಲಿ ಸಹಾಯವಾಣಿಗೆ ಫೋನ್ ಮಾಡಬಹುದಿತ್ತು. ಇಥೀರಿಯಂಗೆ ಅಂಥ ಕಚೇರಿಯಿಲ್ಲ, ಆ ಖಾಲಿ ಜಾಗದಲ್ಲಿ ಮೋಸಗಾರರು ಅಂಗಡಿ ತೆರೆದಿದ್ದಾರೆ. ವಹಿವಾಟು ಸಿಕ್ಕಿಕೊಂಡಿದೆ ಎಂದು ಯಾರಾದರೂ ಸಾರ್ವಜನಿಕವಾಗಿ ಬರೆದರೆ ಸಾಕು, ಸಹಾಯ ಕೇಂದ್ರದ ಹೆಸರಿನಲ್ಲಿ ಸಂದೇಶ ಬರುತ್ತದೆ: ವಾಲೆಟ್ ಸರಿಪಡಿಸಲು ನಿಮ್ಮ 12 ಪದಗಳ ಗುಟ್ಟಿನ ಸಾಲನ್ನು ಈ ಪುಟದಲ್ಲಿ ತುಂಬಿ. ಆ ಪದಗಳು ಸಿಕ್ಕರೆ ಖಾತೆಯೇ ಸಿಕ್ಕಂತೆ. ಬದಲಿ ಆದೇಶಕ್ಕೆ ಬೇಕಿರುವುದು ಖಾತೆಯ ಒಡೆಯರ ಸಹಿ ಮಾತ್ರ, ಆ ಸಹಿಯನ್ನು ಅವರ ವಾಲೆಟ್ಟೇ ಹಾಕುತ್ತದೆ. ಬೇರೆಯವರಿಗೆ ಆ 12 ಪದಗಳಿಂದ ಆಗಬೇಕಾದ ಕೆಲಸ ಇದರಲ್ಲಿ ಒಂದೂ ಇಲ್ಲ.